ರಿಸರ್ಚ್ ಪೇಪರ್ ಬೇಗ ಓದುವುದು ಹೇಗೆ: ಮೊದಲು ಮೂರು ಭಾಗ ಜೋಡಿಸಿ, ಆಮೇಲೆ ಒಳಗೆ ಹೋಗಿ

ಸೆಮಿನಾರ್‌ಗೋ ಜರ್ನಲ್ ಕ್ಲಬ್‌ಗೋ ಒಂದು ಪೇಪರ್ ಕೊಟ್ಟರೆ ಹೆಚ್ಚಿನವರು ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕೆಲವರು ಮೊದಲ ಸಾಲಿನಿಂದ ಶುರು ಮಾಡಿ ಮೆಥಡ್ಸ್ ಭಾಗದ ಎರಡನೇ ಪ್ಯಾರಾದಲ್ಲಿ ನಿಂತುಬಿಡುತ್ತಾರೆ. ಇನ್ನು ಕೆಲವರು ಅಬ್‌ಸ್ಟ್ರಾಕ್ಟ್ ಒಂದನ್ನೇ ಓದಿ, ಅದರ ಕೊನೆಯ ವಾಕ್ಯವನ್ನು ಸ್ಲೈಡ್‌ಗೆ ಹಾಕುತ್ತಾರೆ. ಯಾರಾದರೂ "ಹಾಗಾದ್ರೆ ಇವರಿಗೂ ಇದು ಅನ್ವಯಿಸುತ್ತಾ?" ಅಂತ ಕೇಳಿದ ತಕ್ಷಣ ಉತ್ತರ ಇರುವುದಿಲ್ಲ.

ಅಬ್‌ಸ್ಟ್ರಾಕ್ಟ್, ಇಂಟ್ರೊಡಕ್ಷನ್, ಕನ್‌ಕ್ಲೂಷನ್ ಮೊದಲು ಓದಿ ಅನ್ನುವ ಸಲಹೆ ಎಲ್ಲರಿಗೂ ಗೊತ್ತಿದೆ. ಆದರೂ ಕೆಲಸ ಕೆಡುತ್ತದೆ, ಯಾಕೆಂದರೆ ಮೂರನ್ನೂ ಬೇರೆಬೇರೆಯಾಗಿ ಓದಿ ಮುಗಿಸುತ್ತಾರೆ. ಮೂರೂ ಒಂದೇ ಮಾತು ಹೇಳುತ್ತಿವೆಯಾ, ಎಲ್ಲಿ ಒಂದು ಮಾತು ಬಿಟ್ಟುಹೋಗಿದೆ, ಎಲ್ಲಿ ಮಾತು ಬದಲಾಗಿದೆ ಅಂತ ಹೋಲಿಸಿ ನೋಡುವುದೇ ಅಸಲಿ ಕೆಲಸ. ಆ ಹೋಲಿಕೆಯಿಂದ ಪ್ರಶ್ನೆಗಳು ಹುಟ್ಟುತ್ತವೆ. ಒಳಗಿನ ವಿವರಗಳಿಗೆ ಆ ಪ್ರಶ್ನೆ ಹಿಡಿದುಕೊಂಡೇ ಹೋಗಬೇಕು.

ಇದನ್ನು ಒಂದು ನಿಜವಾದ ಪೇಪರ್ ಇಟ್ಟುಕೊಂಡೇ ತೋರಿಸುತ್ತೇನೆ. ಕೋವಿಡ್ ಕಾಲದ ರಿಕವರಿ ಟ್ರಯಲ್‌ನದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸಿದ್ದು, ಬ್ರಿಟನ್‌ನ ಆಸ್ಪತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಅಗ್ಗದ ಸ್ಟೆರಾಯ್ಡ್ ಕೊಟ್ಟು ನೋಡಿದ್ದು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 2020ರ ಜುಲೈನಲ್ಲಿ ಆನ್‌ಲೈನ್ ಬಂತು, ಅಂತಿಮ ರೂಪ 2021ರ ಫೆಬ್ರವರಿಯಲ್ಲಿ ಅಚ್ಚಾಯಿತು. ಈ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ:

```
Dexamethasone in Hospitalized Patients with Covid-19
```

ನೀವು ವೈದ್ಯಕೀಯದವರಲ್ಲದಿದ್ದರೂ ತೊಂದರೆ ಇಲ್ಲ. ಈ ಪೇಪರ್ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಇದರ ತಲೆಬರಹ ಮಾತ್ರ ಓದಿದವರಿಗೂ ಇದನ್ನು ಜೋಡಿಸಿ ಓದಿದವರಿಗೂ ಸಿಗುವ ಉತ್ತರ ಬೇರೆಬೇರೆ, ಮತ್ತು ಆ ವ್ಯತ್ಯಾಸ ರೋಗಿಯ ಮೈಮೇಲೆ ಬೀಳುವಂಥದ್ದು.

## ಏನೇನು ಬೇಕು

ಪೇಪರ್‌ನ ಪೂರ್ತಿ ಪಿಡಿಎಫ್ ಬೇಕು. ಹುಡುಕಾಟದಲ್ಲಿ ಮೊದಲು ಸಿಗುವ ಅಬ್‌ಸ್ಟ್ರಾಕ್ಟ್ ಪುಟ ಸಾಲದು. ಒಂದು ಎ4 ಹಾಳೆ, ಪೆನ್ನು, ಫೋನಿನ ಕ್ಯಾಲ್ಕುಲೇಟರ್, ಅರ್ಧ ಗಂಟೆ ಸಮಯ. ಇಷ್ಟೇ.

ಹಾಳೆಯನ್ನು ಅಡ್ಡ ಇಟ್ಟು ಮೂರು ಕಾಲಂ ಮಾಡಿ. ಎಡಕ್ಕೆ ಅಬ್‌ಸ್ಟ್ರಾಕ್ಟ್, ನಡುವೆ ಇಂಟ್ರೊಡಕ್ಷನ್, ಬಲಕ್ಕೆ ಕನ್‌ಕ್ಲೂಷನ್. ಕೆಳಗಡೆ ಹಾಳೆಯ ಕಾಲು ಭಾಗ ಖಾಲಿ ಬಿಡಿ, ಪ್ರಶ್ನೆಗಳು ಅಲ್ಲಿ ಬರುತ್ತವೆ.

ಈ ಹಂತದಲ್ಲಿ ಹೈಲೈಟರ್ ಬೇಡ. ಬಣ್ಣ ಬಳಿದರೆ ಓದಿದ ಹಾಗೆ ಅನ್ನಿಸುತ್ತದೆ, ಆದರೆ ಒಂದು ಪುಟದ ಸಾಲನ್ನು ಇನ್ನೊಂದು ಪುಟದ ಸಾಲಿನ ಪಕ್ಕ ತಂದು ಇಡುವುದಕ್ಕೆ ಬಣ್ಣದಿಂದ ಆಗುವುದಿಲ್ಲ. ಕೈಯಲ್ಲಿ ಬರೆದರೇ ಎರಡೂ ಒಂದೇ ಹಾಳೆಗೆ ಬರುವುದು.

## ಹಂತ 1: ಮೂರು ಭಾಗ ಎಲ್ಲಿವೆ ಅಂತ ಮೊದಲು ಗುರುತಿಸಿ

ಏನೂ ಓದಬೇಡಿ, ಸುಮ್ನೆ ಪುಟ ತಿರುಗಿಸಿ. ಎಷ್ಟು ಪುಟ, ಯಾವ ಯಾವ ತಲೆಬರಹ, ಎಷ್ಟು ಚಿತ್ರ, ಎಷ್ಟು ಟೇಬಲ್. ಎರಡು ಮೂರು ನಿಮಿಷದ ಕೆಲಸ.

ಇಲ್ಲೇ ಅನೇಕರು ಎಡವುತ್ತಾರೆ. ಎಲ್ಲಾ ಪೇಪರ್‌ನಲ್ಲೂ "ಕನ್‌ಕ್ಲೂಷನ್" ಅನ್ನುವ ತಲೆಬರಹ ಇರುವುದಿಲ್ಲ. ನಮ್ಮ ಪೇಪರ್‌ನಲ್ಲೇ ನೋಡಿ. ಅಬ್‌ಸ್ಟ್ರಾಕ್ಟ್‌ನ ಒಳಗೆ ಕನ್‌ಕ್ಲೂಷನ್ಸ್ ಅಂತ ಒಂದು ತುಣುಕು ಇದೆ, ಪೇಪರ್‌ನ ಕೊನೆಯಲ್ಲಿ ಮಾತ್ರ ಆ ಹೆಸರಿನ ಭಾಗ ಇಲ್ಲ. ಅಲ್ಲಿರುವುದು ಡಿಸ್ಕಷನ್. ಹಾಗಾಗಿ ಅಬ್‌ಸ್ಟ್ರಾಕ್ಟ್‌ನೊಳಗಿನ ಆ ತುಣುಕನ್ನೇ ಕನ್‌ಕ್ಲೂಷನ್ ಅಂದುಕೊಂಡು ಓದಿದರೆ ನೀವು ಅಬ್‌ಸ್ಟ್ರಾಕ್ಟ್ ಅನ್ನು ಅಬ್‌ಸ್ಟ್ರಾಕ್ಟ್ ಜೊತೆಗೇ ಹೋಲಿಸಿದಂತಾಯಿತು. ಅದರಿಂದ ಏನೂ ಗೊತ್ತಾಗುವುದಿಲ್ಲ.

ಕನ್‌ಕ್ಲೂಷನ್ ಅಂತ ಬೇರೆ ಭಾಗ ಇಲ್ಲದಿದ್ದರೆ ಡಿಸ್ಕಷನ್‌ನ ಮೊದಲ ಪ್ಯಾರಾ ಮತ್ತು ಕೊನೆಯ ಪ್ಯಾರಾ ಹಿಡಿಯಿರಿ. ವೈದ್ಯಕೀಯ ಪೇಪರ್‌ಗಳಲ್ಲಿ ಸಿಕ್ಕ ಫಲ ಏನು ಅನ್ನುವುದು ಸಾಮಾನ್ಯವಾಗಿ ಮೊದಲ ಪ್ಯಾರಾದಲ್ಲೇ ಬಂದುಬಿಡುತ್ತದೆ. ಇಂಟ್ರೊಡಕ್ಷನ್‌ಗೂ ಅದೇ ಕಥೆ. ಈ ಜರ್ನಲ್‌ನಲ್ಲಿ ಇಂಟ್ರೊಡಕ್ಷನ್‌ಗೆ ತಲೆಬರಹವೇ ಇರುವುದಿಲ್ಲ, ಅಬ್‌ಸ್ಟ್ರಾಕ್ಟ್ ಮುಗಿದು ಮೆಥಡ್ಸ್ ಶುರುವಾಗುವ ತನಕ ಇರುವುದೇ ಇಂಟ್ರೊಡಕ್ಷನ್.

## ಹಂತ 2: ಅಬ್‌ಸ್ಟ್ರಾಕ್ಟ್‌ನಿಂದ ನಾಲ್ಕು ವಿಷಯ ಮಾತ್ರ ತೆಗೆಯಿರಿ

ಯಾರ ಮೇಲೆ ಮಾಡಿದರು? ಏನು ಮಾಡಿದರು, ಯಾವುದಕ್ಕೆ ಹೋಲಿಸಿದರು? ಏನನ್ನು ಅಳೆದರು? ಎಷ್ಟು ಸಿಕ್ಕಿತು? ಇದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಇಂಗ್ಲಿಷ್ ವಾಕ್ಯವನ್ನೇ ಕಾಪಿ ಮಾಡಿದರೆ ಅರ್ಥವಾಗದ ಪದವೂ ಹಾಗೆಯೇ ಹಾಳೆಗೆ ಬಂದು ಕೂರುತ್ತದೆ. ಕನ್ನಡದಲ್ಲಿ ಬರೆಯಲು ಹೊರಟಾಗ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಮಗೆ ಅರ್ಥವಾಗಿಲ್ಲ ಅಂತ ತಿಳಿಯಿರಿ.

ನಮ್ಮ ಪೇಪರ್‌ನ ಎಡ ಕಾಲಂ ಹೀಗೆ ಬರುತ್ತದೆ. ಕೋವಿಡ್‌ನಿಂದ ಆಸ್ಪತ್ರೆ ಸೇರಿದವರು. 2,104 ಜನರಿಗೆ ಡೆಕ್ಸಾಮೆಥಾಸೋನ್, ದಿನಕ್ಕೆ ಒಮ್ಮೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. 4,321 ಜನರಿಗೆ ಆಸ್ಪತ್ರೆಯ ಮಾಮೂಲು ಚಿಕಿತ್ಸೆ ಮಾತ್ರ. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದಾರೆ. ಅಳೆದದ್ದು 28 ದಿನದೊಳಗಿನ ಸಾವು. ಔಷಧ ಪಡೆದವರಲ್ಲಿ 22.9%, ಪಡೆಯದವರಲ್ಲಿ 25.7%.

ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ಆದರೆ ಅದೇ ಅಬ್‌ಸ್ಟ್ರಾಕ್ಟ್‌ನಲ್ಲಿ ಇನ್ನೂ ಮೂರು ಸಾಲು ಇವೆ. ಕೊಳವೆ ಹಾಕಿ ವೆಂಟಿಲೇಟರ್ ಮೇಲೆ ಇಟ್ಟವರ ಪೈಕಿ ಔಷಧ ಪಡೆದವರಲ್ಲಿ ಸಾವು 29.3%, ಪಡೆಯದವರಲ್ಲಿ 41.4%. ಆಕ್ಸಿಜನ್ ಮಾತ್ರ ಪಡೆಯುತ್ತಿದ್ದವರಲ್ಲಿ 23.3% ಮತ್ತು 26.2%. ಆಕ್ಸಿಜನ್ ಕೂಡ ಬೇಕಾಗದವರಲ್ಲಿ 17.8% ಮತ್ತು 14.0%. ಕೊನೆಯ ಜೋಡಿಯನ್ನು ಇನ್ನೊಮ್ಮೆ ನೋಡಿ. ಅಲ್ಲಿ ಔಷಧ ಪಡೆದವರಲ್ಲೇ ಸಾವಿನ ಪ್ರಮಾಣ ಜಾಸ್ತಿ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಅಬ್‌ಸ್ಟ್ರಾಕ್ಟ್‌ನಲ್ಲಿ ಶೇಕಡಾವಾರು ಕೊಟ್ಟು ಪಕ್ಕದಲ್ಲಿ ಅನುಪಾತವನ್ನೂ ಕೊಟ್ಟಿದ್ದರೆ, ನೀವೇ ಒಮ್ಮೆ ಭಾಗಿಸಿ ನೋಡಿ. 22.9 ಅನ್ನು 25.7ರಿಂದ ಭಾಗಿಸಿದರೆ 0.89 ಬರುತ್ತದೆ. ಪೇಪರ್‌ನಲ್ಲಿ 0.83 ಅಂತ ಇದೆ. ವೆಂಟಿಲೇಟರ್ ಗುಂಪಿಗೆ ನಮ್ಮ ಲೆಕ್ಕ 0.71, ಅವರದು 0.64. ಆಕ್ಸಿಜನ್ ಬೇಕಾಗದವರಿಗೆ ನಮ್ಮದು 1.27, ಅವರದು 1.19. ಮೂರೂ ಕಡೆ ಅವರ ಅಂಕಿ ನಮ್ಮದಕ್ಕಿಂತ ಕಡಿಮೆ, ಅಂದರೆ ಔಷಧದ ಪರವಾಗಿ ವಾಲಿದೆ. ಗಾಬರಿ ಬೇಡ, ತಪ್ಪು ಅಂತ ತೀರ್ಮಾನಕ್ಕೂ ಬರಬೇಡಿ. ಹಾಳೆಯ ಕೆಳಗೆ ಮೊದಲ ಪ್ರಶ್ನೆ ಬರೆದುಕೊಳ್ಳಿ: 0.89 ಹೇಗೆ 0.83 ಆಯಿತು?

ಹೀಗೆ ಒಂದು ಲೆಕ್ಕ ಹಾಕಿದರೆ ಸಾಕು, ಅಬ್‌ಸ್ಟ್ರಾಕ್ಟ್ ಅನ್ನು ನಿಜವಾಗಿ ಓದಿದ ಹಾಗೆ. ಇಲ್ಲದಿದ್ದರೆ ಕಣ್ಣು ಅಂಕಿಗಳ ಮೇಲೆ ಜಾರಿಕೊಂಡು ಹೋಗುತ್ತದೆ.

## ಹಂತ 3: ಇಂಟ್ರೊಡಕ್ಷನ್ ಅನ್ನು ಕೊನೆಯಿಂದ ಹಿಂದಕ್ಕೆ ಓದಿ

ಅಬ್‌ಸ್ಟ್ರಾಕ್ಟ್ ಆದಮೇಲೆ ನೇರ ಕನ್‌ಕ್ಲೂಷನ್‌ಗೆ ಜಿಗಿಯಿರಿ ಅನ್ನುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪ್ರಶ್ನೆ ಏನಿತ್ತು ಅಂತ ತಿಳಿಯದೆ ಉತ್ತರ ಓದಿದರೆ, ಓದಿದ್ದೆಲ್ಲಾ ಸರಿ ಅನ್ನಿಸುತ್ತದೆ. ಲೇಖಕರು ತಾವೇ ಕೇಳಿಕೊಂಡ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರಾ, ಅಥವಾ ನಡುವೆ ಸಿಕ್ಕ ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರಾ ಅಂತ ಹೇಳುವುದಕ್ಕೆ ಇಂಟ್ರೊಡಕ್ಷನ್ ಮೊದಲೇ ಬೇಕು.

ಆದರೆ ಪೂರ್ತಿ ಓದುವುದು ಬೇಡ. ಕೊನೆಯ ಪ್ಯಾರಾ ಮೊದಲು ಓದಿ, "ನಾವು ಇದನ್ನು ಮಾಡಿದೆವು" ಅನ್ನುವ ವಾಕ್ಯ ಅಲ್ಲಿರುತ್ತದೆ. ಅದರ ಹಿಂದಿನ ಪ್ಯಾರಾದಲ್ಲಿ ಯಾಕೆ ಮಾಡಿದರು ಅನ್ನುವುದು ಇರುತ್ತದೆ, ಅಂದರೆ ಇಷ್ಟು ದಿನ ಏನು ಗೊತ್ತಿರಲಿಲ್ಲ, ಎಲ್ಲಿ ಜಗಳ ಇತ್ತು ಅನ್ನುವುದು. ಮೊದಲ ಪ್ಯಾರಾ ಹೆಚ್ಚಾಗಿ ಎಲ್ಲರಿಗೂ ಗೊತ್ತಿರುವ ಹಿನ್ನೆಲೆ, ಅದನ್ನು ಬಿಟ್ಟರೂ ನಡೆಯುತ್ತದೆ. ಆ ಕ್ಷೇತ್ರ ನಿಮಗೆ ಹೊಸದಾಗಿದ್ದರೆ ಮಾತ್ರ ಓದಿ.

ನಡು ಕಾಲಂನಲ್ಲಿ ಎರಡೇ ವಿಷಯ ಬರೆಯಿರಿ: ಇದ್ದ ಕೊರತೆ, ಮತ್ತು ಇದು ಕೆಲಸ ಮಾಡಬಹುದು ಅಂತ ಅವರಿಗೆ ಅನ್ನಿಸಿದ್ದಕ್ಕೆ ಕಾರಣ. ಎರಡನೆಯದನ್ನು ಬಹಳ ಜನ ಬಿಡುತ್ತಾರೆ. ಜೋಡಿಸುವಾಗ ಅದೇ ಜಾಸ್ತಿ ಉಪಯೋಗಕ್ಕೆ ಬರುವುದು.

ರಿಕವರಿ ಪೇಪರ್‌ನಲ್ಲಿ ಕೊರತೆ ಸ್ಪಷ್ಟವಾಗಿದೆ. ಕೋವಿಡ್‌ಗೆ ಸ್ಟೆರಾಯ್ಡ್ ಕೊಡಬೇಕಾ ಬೇಡವಾ ಅನ್ನುವುದರಲ್ಲಿ ಒಮ್ಮತ ಇರಲಿಲ್ಲ, ನಂಬಬಹುದಾದ ದೊಡ್ಡ ಟ್ರಯಲ್ ಆಗಿರಲಿಲ್ಲ. ಕಾರಣವೂ ಇದೆ. ತೀವ್ರ ಕೋವಿಡ್‌ನಲ್ಲಿ ಶ್ವಾಸಕೋಶಕ್ಕೆ ಆಗುವ ಹಾನಿಯಲ್ಲಿ ದೇಹದ್ದೇ ರೋಗನಿರೋಧಕ ಪ್ರತಿಕ್ರಿಯೆಗೆ, ಅಂದರೆ ಉರಿಯೂತಕ್ಕೆ, ದೊಡ್ಡ ಪಾತ್ರ ಇರಬಹುದು. ಸ್ಟೆರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ. ಹಾಗಾಗಿ ಉಪಯೋಗ ಆಗಬಹುದು.

ಈ ಕಾರಣವನ್ನು ಬರೆದ ಕೂಡಲೇ ಒಂದು ಊಹೆ ಸಾಧ್ಯವಾಗುತ್ತದೆ. ಔಷಧ ಉರಿಯೂತವನ್ನು ತಗ್ಗಿಸಿಯೇ ಕೆಲಸ ಮಾಡುವುದಾದರೆ, ಉರಿಯೂತ ಜಾಸ್ತಿ ಇದ್ದವರಿಗೆ ಲಾಭ ಜಾಸ್ತಿ ಆಗಬೇಕು, ಇಲ್ಲದವರಿಗೆ ಆಗಬಾರದು. ಕನ್‌ಕ್ಲೂಷನ್ ಓದುವ ಮುಂಚೆ ಈ ಊಹೆಯನ್ನು ಹಾಳೆಯ ಮೇಲೆ ಬರೆದಿಡಿ. ಓದಿದ ಮೇಲೆ ಬರೆದರೆ ಅದು ಊಹೆಯಲ್ಲ.

## ಹಂತ 4: ಕನ್‌ಕ್ಲೂಷನ್‌ನಲ್ಲಿ "ಯಾರಿಗೆ" ಮತ್ತು ಕ್ರಿಯಾಪದ ನೋಡಿ

ಬಲ ಕಾಲಂಗೆ ಬರೆಯುವಾಗ ಎರಡರ ಮೇಲೆ ಕಣ್ಣಿಡಿ. ಒಂದು, ಮಾತು ಯಾರ ಬಗ್ಗೆ ಇದೆ. ಇನ್ನೊಂದು, ಎಷ್ಟು ಗಟ್ಟಿಯಾಗಿ ಹೇಳಿದ್ದಾರೆ. "ಕಡಿಮೆ ಮಾಡಿತು", "ಸಂಬಂಧ ಕಂಡುಬಂತು", "ಇರಬಹುದು", "ಪುರಾವೆ ಸಿಗಲಿಲ್ಲ" ಇವು ನಾಲ್ಕೂ ಬೇರೆಬೇರೆ ಮಾತು. ಕನ್ನಡಕ್ಕೆ ತರುವಾಗ ಇವು ನಾಲ್ಕೂ "ಆಗುತ್ತದೆ" ಅಥವಾ "ಆಗುವುದಿಲ್ಲ" ಆಗಿಬಿಡುವ ಅಪಾಯ ಇದೆ, ಹುಷಾರು.

ನಮ್ಮ ಪೇಪರ್‌ನ ಡಿಸ್ಕಷನ್ ಶುರುವಾಗುವಾಗಲೇ ಮೂರು ಮಾತು ಹೇಳುತ್ತದೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಮತ್ತು ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಸಾವು ಕಡಿಮೆಯಾಯಿತು. ಉಸಿರಾಟಕ್ಕೆ ಯಾವ ನೆರವೂ ಬೇಕಾಗದವರಲ್ಲಿ ಲಾಭದ ಪುರಾವೆ ಇಲ್ಲ, ಹಾನಿ ಆಗಿರುವ ಸಾಧ್ಯತೆಗೂ ಫಲಿತಾಂಶ ಹೊಂದುತ್ತದೆ. ಮೂರನೆಯದು, ಲಕ್ಷಣ ಶುರುವಾಗಿ 7 ದಿನಕ್ಕಿಂತ ಜಾಸ್ತಿ ಆದವರಲ್ಲೂ ಲಾಭ ಸ್ಪಷ್ಟವಾಗಿತ್ತು.

ಇದರ ನಂತರ ಬರುವ "ಲಿಮಿಟೇಷನ್ಸ್" ಪ್ಯಾರಾ ಇದ್ದರೆ ಅದನ್ನೂ ಇದೇ ಕಾಲಂನಲ್ಲಿ ಒಂದು ಸಾಲಿನಲ್ಲಿ ಸೇರಿಸಿ. ಹಿಂದಿನ ಸಂಶೋಧನೆಗಳ ಜೊತೆ ಹೋಲಿಸುವ ಪ್ಯಾರಾಗಳನ್ನು ಈಗ ಬಿಡಿ.

## ಹಂತ 5: ಮೂರು ಕಾಲಂಗಳ ನಡುವೆ ಗೆರೆ ಎಳೆಯಿರಿ

ಇದೇ ಮುಖ್ಯ ಹಂತ. ಆತುರ ಇಲ್ಲದೆ ಹತ್ತು ನಿಮಿಷ ಕೊಡಿ. ಪಿಡಿಎಫ್ ಮುಚ್ಚಿ, ಹಾಳೆ ಮಾತ್ರ ಎದುರಿಗಿರಲಿ.

ಒಂದು ಕಾಲಂನ ಮಾತು ಇನ್ನೊಂದರಲ್ಲೂ ಇದ್ದರೆ ಎರಡರ ನಡುವೆ ಗೆರೆ ಎಳೆಯಿರಿ. ಗೆರೆ ಸಿಗದೆ ಒಂಟಿಯಾಗಿ ಉಳಿದ ಮಾತುಗಳಿಗೆ ಸುತ್ತು ಹಾಕಿ. ಎರಡೂ ಕಡೆ ಇದ್ದು ಸ್ವರ ಬದಲಾಗಿದ್ದರೆ, ಅಂದರೆ ಒಂದು ಕಡೆ ಮೆಲ್ಲಗೆ ಇನ್ನೊಂದು ಕಡೆ ಜೋರಾಗಿ ಹೇಳಿದ್ದರೆ, ಗೆರೆಯ ಮೇಲೆ ಒಂದು ಗುರುತು ಮಾಡಿ.

ನಮ್ಮ ಹಾಳೆಯಲ್ಲಿ ಮೊದಲು ಕಾಣುವುದು "ಯಾರಿಗೆ" ಅನ್ನುವುದರ ಬದಲಾವಣೆ. ಪೇಪರ್‌ನ ಹೆಸರಿನಲ್ಲಿ "ಆಸ್ಪತ್ರೆ ಸೇರಿದವರು" ಅಂತ ಇದೆ. ಕನ್‌ಕ್ಲೂಷನ್‌ಗೆ ಬರುವಷ್ಟರಲ್ಲಿ ಅದು "ಆಸ್ಪತ್ರೆ ಸೇರಿ ಉಸಿರಾಟಕ್ಕೆ ನೆರವು ಪಡೆಯುತ್ತಿದ್ದವರು" ಅಂತ ಕಿರಿದಾಗಿದೆ. ಮಾತು ಹೀಗೆ ಕಿರಿದಾದರೆ ಸಾಮಾನ್ಯವಾಗಿ ಒಳ್ಳೆಯ ಲಕ್ಷಣ, ಲೇಖಕರು ತಮ್ಮ ಅಂಕಿಗಳಿಗೆ ಬದ್ಧರಾಗಿದ್ದಾರೆ ಅಂತ ಅರ್ಥ. ಉಲ್ಟಾ ಆಗಿದ್ದರೆ, ಅಂದರೆ ಅಬ್‌ಸ್ಟ್ರಾಕ್ಟ್‌ನಲ್ಲಿ ಕೆಲವರ ಮೇಲೆ ಮಾಡಿದ್ದು ಕನ್‌ಕ್ಲೂಷನ್‌ನಲ್ಲಿ ಎಲ್ಲರಿಗೂ ಹರಡಿದ್ದರೆ, ಅದು ಅಪಾಯದ ಗುರುತು.

ಎರಡನೆಯದು, ಇಂಟ್ರೊಡಕ್ಷನ್‌ನ ಕಾರಣ ಮತ್ತು ಕನ್‌ಕ್ಲೂಷನ್‌ನ ಫಲ ಒಂದಕ್ಕೊಂದು ಹೊಂದುತ್ತವಾ ಅನ್ನುವುದು. ನಾವು ಬರೆದಿಟ್ಟ ಊಹೆ ನೋಡಿ. ಉರಿಯೂತ ಜಾಸ್ತಿ ಇರುವವರಿಗೆ, ಅಂದರೆ ವೆಂಟಿಲೇಟರ್ ತನಕ ಹೋದವರಿಗೆ, ಲಾಭ ದೊಡ್ಡದು. ಆಕ್ಸಿಜನ್ ಮಾತ್ರ ಬೇಕಾದವರಿಗೆ ಅದಕ್ಕಿಂತ ಕಡಿಮೆ. ಏನೂ ಬೇಡದವರಿಗೆ ಲಾಭ ಕಾಣಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. 7 ದಿನದ ಮಾತೂ ಇದಕ್ಕೇ ಸೇರುತ್ತದೆ, ಯಾಕೆಂದರೆ ಮೊದಲ ದಿನಗಳಲ್ಲಿ ವೈರಸ್ ಬೆಳೆಯುವುದು ಮುಖ್ಯ, ಉರಿಯೂತದ ಹಾನಿ ಆಮೇಲೆ ಜಾಸ್ತಿಯಾಗುತ್ತದೆ ಅಂತ ಲೇಖಕರೇ ಡಿಸ್ಕಷನ್‌ನಲ್ಲಿ ವಿವರಿಸುತ್ತಾರೆ. ಅಬ್‌ಸ್ಟ್ರಾಕ್ಟ್ ಮಾತ್ರ ಓದಿದವರಿಗೆ ಮೂರು ಗುಂಪಿನ ಅಂಕಿ ಸಿಗುತ್ತದೆ, ಅವು ಯಾಕೆ ಹಾಗಿವೆ ಅನ್ನುವುದು ಸಿಗುವುದಿಲ್ಲ.

ಮೂರನೆಯದು ಸ್ವರದ ವ್ಯತ್ಯಾಸ. ಆಕ್ಸಿಜನ್ ಬೇಕಾಗದವರ ಬಗ್ಗೆ ಅಬ್‌ಸ್ಟ್ರಾಕ್ಟ್‌ನ ತೀರ್ಮಾನದ ಸಾಲು ಹೇಳುವುದು ಅವರಲ್ಲಿ ಸಾವು ಕಡಿಮೆಯಾಗಲಿಲ್ಲ ಅಂತ ಮಾತ್ರ. ಹಾನಿ ಆಗಿರಬಹುದು ಅನ್ನುವ ಮಾತು ಡಿಸ್ಕಷನ್‌ನಲ್ಲಿ ಬರುತ್ತದೆ. "ಉಪಯೋಗ ಇಲ್ಲ" ಅನ್ನುವುದಕ್ಕೂ "ಹಾನಿಯೂ ಆಗಬಹುದು" ಅನ್ನುವುದಕ್ಕೂ ದೊಡ್ಡ ಅಂತರ ಇದೆ ಅಲ್ವಾ? ಮೊದಲನೆಯದನ್ನು ಮಾತ್ರ ಓದಿದವರು "ಕೊಟ್ಟರೆ ನಷ್ಟವೇನು" ಅಂದುಕೊಳ್ಳುತ್ತಾರೆ. 2021ರ ಎರಡನೇ ಅಲೆಯಲ್ಲಿ ನಮ್ಮಲ್ಲಿ ಆಕ್ಸಿಜನ್ ಬೇಕಾಗದೆ ಮನೆಯಲ್ಲೇ ಇದ್ದವರೂ ಸ್ಟೆರಾಯ್ಡ್ ಮಾತ್ರೆ ನುಂಗಿದರು. ಆಮೇಲೆ ಕಪ್ಪು ಶಿಲೀಂಧ್ರದ ರೋಗ ಹೆಚ್ಚಿದಾಗ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೆರಾಯ್ಡ್‌ನ ಮಿತಿಮೀರಿದ ಬಳಕೆಯನ್ನೂ ವೈದ್ಯರು ಕಾರಣ ಅಂತ ಎಚ್ಚರಿಸಿದರು. ಈ ಪೇಪರ್‌ನಲ್ಲಿ ಮನೆಯಲ್ಲಿದ್ದ ಒಬ್ಬ ರೋಗಿಯೂ ಇಲ್ಲ. ಹೆಸರಿನಲ್ಲೇ ಅದು ಬರೆದಿದೆ.

ಗೆರೆ ಎಳೆಯುವಾಗ ಸಿಗಬಹುದಾದ ಇನ್ನೊಂದು ಅಪಾಯದ ಗುರುತು ಹೇಳಿಬಿಡುತ್ತೇನೆ. ಕನ್‌ಕ್ಲೂಷನ್‌ನ ಮುಖ್ಯ ಮಾತಿಗೆ ಇಂಟ್ರೊಡಕ್ಷನ್ ಕಡೆಯಿಂದ ಒಂದೂ ಗೆರೆ ಬರದಿದ್ದರೆ, ಲೇಖಕರು ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಆಗಿರಬಹುದು. ಹತ್ತಾರು ಗುಂಪು ಮಾಡಿ ನೋಡಿದರೆ ಯಾವುದೋ ಒಂದರಲ್ಲಿ ಆಕಸ್ಮಿಕವಾಗಿಯೂ ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಗುಂಪುಗಳ ಬಗ್ಗೆ ತೀರ್ಮಾನ ಇದ್ದಾಗಲೆಲ್ಲಾ, ಅವನ್ನು ಮೊದಲೇ ನಿಗದಿ ಮಾಡಿದ್ದರಾ ಅಂತ ಕೇಳಲೇಬೇಕು. ಇದು ನಮ್ಮ ಎರಡನೇ ಪ್ರಶ್ನೆ.

## ಹಂತ 6: ಪ್ರಶ್ನೆ ಹಿಡಿದು ಒಳಗೆ ಹೋಗಿ, ಉತ್ತರ ಸಿಕ್ಕ ಕೂಡಲೇ ಹೊರಗೆ ಬನ್ನಿ

ಹಾಳೆಯ ಕೆಳಗೆ ಮೂರು ಪ್ರಶ್ನೆ ಸಾಕು. ಹತ್ತು ಬರೆದರೆ ಪೂರ್ತಿ ಪೇಪರ್ ಓದಬೇಕಾಗುತ್ತದೆ, ಆಗ ಈ ವಿಧಾನದಿಂದ ಲಾಭ ಇಲ್ಲ. ಪ್ರತಿ ಪ್ರಶ್ನೆಯ ಪಕ್ಕ ಉತ್ತರ ಎಲ್ಲಿ ಸಿಗಬಹುದು ಅಂತಲೂ ಬರೆಯಿರಿ: ಮೆಥಡ್ಸ್, ಟೇಬಲ್, ಚಿತ್ರ.

0.89 ಹೇಗೆ 0.83 ಆಯಿತು? ಅಬ್‌ಸ್ಟ್ರಾಕ್ಟ್‌ನಲ್ಲೇ ಒಂದು ಸುಳಿವಿದೆ, ಆ ಅನುಪಾತದ ಮುಂದೆ "ಏಜ್ ಅಡ್ಜಸ್ಟೆಡ್" ಅಂತ ಬರೆದಿದೆ. ಹಾಗಾದರೆ ವಯಸ್ಸಿನಲ್ಲಿ ಏನೋ ವ್ಯತ್ಯಾಸ ಇರಬೇಕು. ಟೇಬಲ್ 1 ಮತ್ತು ರಿಸಲ್ಟ್ಸ್‌ನ ಮೊದಲ ಭಾಗ ನೋಡಿ. ಡೆಕ್ಸಾಮೆಥಾಸೋನ್ ಗುಂಪಿನವರ ಸರಾಸರಿ ವಯಸ್ಸು ಇನ್ನೊಂದು ಗುಂಪಿನವರಿಗಿಂತ 1.1 ವರ್ಷ ಜಾಸ್ತಿ. ಕೋವಿಡ್‌ನಲ್ಲಿ ವಯಸ್ಸು ಹೆಚ್ಚಿದಷ್ಟೂ ಸಾವಿನ ಅಪಾಯ ಹೆಚ್ಚು. ಅಂದರೆ ಔಷಧದ ಗುಂಪು ಸ್ವಲ್ಪ ಹಿನ್ನಡೆಯಲ್ಲೇ ಶುರು ಮಾಡಿತ್ತು. ಅದನ್ನು ಲೆಕ್ಕದಲ್ಲಿ ಸರಿಪಡಿಸಿದಾಗ ಅನುಪಾತ ಇನ್ನೂ ಕೆಳಗೆ ಇಳಿಯಿತು. ಜೊತೆಗೆ ಅವರು ಲೆಕ್ಕ ಹಾಕಿರುವುದು ದಿನ ಕಳೆದಂತೆ ಸಾವು ಸಂಭವಿಸಿದ ದರವನ್ನು, ನಮ್ಮ ಹಾಗೆ ಕೊನೆಯ ಶೇಕಡಾವಾರನ್ನು ಭಾಗಿಸಿದ್ದಲ್ಲ. ಉತ್ತರ ಸಿಕ್ಕಿತು. ಟೇಬಲ್‌ನ ಉಳಿದ ಸಾಲುಗಳನ್ನು ಓದಬೇಡಿ.

ಒಂದು ವೇಳೆ ಬೇರೆ ಪೇಪರ್‌ನಲ್ಲಿ ಇಂಥ ವ್ಯತ್ಯಾಸಕ್ಕೆ ಎಲ್ಲೂ ವಿವರಣೆ ಸಿಗದಿದ್ದರೆ, ಆ ಪೇಪರ್ ಅನ್ನು ಪಕ್ಕಕ್ಕೆ ಇಟ್ಟು ನಿಮ್ಮ ಗೈಡ್ ಹತ್ತಿರ ತೋರಿಸಿ. ಸಣ್ಣ ವಿಷಯ ಅಂತ ಬಿಡಬೇಡಿ.

ಗುಂಪುಗಳನ್ನು ಮೊದಲೇ ನಿಗದಿ ಮಾಡಿದ್ದರಾ? ಉತ್ತರ ಮೆಥಡ್ಸ್‌ನಲ್ಲಿ, ಅಂಕಿಅಂಶ ವಿಶ್ಲೇಷಣೆಯ ಉಪಶೀರ್ಷಿಕೆಯ ಕೆಳಗೆ ಇರುತ್ತದೆ. ಹುಡುಕುವ ಕಿಟಕಿಯಲ್ಲಿ ಈ ಪದ ಹಾಕಿ:

```
prespecified
```

ರಿಕವರಿ ಪೇಪರ್‌ನಲ್ಲಿ ಉಸಿರಾಟದ ನೆರವಿನ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುವುದು ಮೊದಲೇ ನಿಗದಿಯಾಗಿದ್ದ ವಿಶ್ಲೇಷಣೆಗಳಲ್ಲಿ ಒಂದು. ಹಾಗಾಗಿ ಫಲಿತಾಂಶ ಬಂದಮೇಲೆ ಹುಡುಕಿದ್ದಲ್ಲ. ಕೆಲವು ಜರ್ನಲ್‌ಗಳು ಈ ಹುಡುಕುವ ಪದವನ್ನು ನಡುವೆ ಗೀಟು ಹಾಕಿ ಎರಡು ಪದವಾಗಿ ಬರೆಯುತ್ತವೆ, ಒಂದು ರೂಪದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಆಕ್ಸಿಜನ್ ಬೇಕಾಗದವರಿಗೆ ಹಾನಿ ಆಯಿತು ಅಂತ ಹೇಳಬಹುದಾ? ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಯಾಕೆಂದರೆ ಇಲ್ಲಿ ಎರಡೂ ಕಡೆ ತಪ್ಪು ಆಗುತ್ತದೆ. ಗುಂಪುಗಳ ಅನುಪಾತ ತೋರಿಸುವ ಚಿತ್ರಕ್ಕೆ ಹೋಗಿ. ಔಷಧ ಪಡೆದ 501 ಜನರಲ್ಲಿ 89 ಸಾವು, ಪಡೆಯದ 1,034 ಜನರಲ್ಲಿ 145 ಸಾವು. ಅನುಪಾತ 1.19, ಅದರ 95% ವ್ಯಾಪ್ತಿ ಸುಮಾರು 0.9ರಿಂದ 1.55. ಅಂದರೆ ನಿಜವಾದ ಅನುಪಾತ 1ಕ್ಕಿಂತ ಸ್ವಲ್ಪ ಕಡಿಮೆಯೂ ಇರಬಹುದು, ಒಂದೂವರೆ ಪಟ್ಟು ಹಾನಿಯೂ ಇರಬಹುದು. ವ್ಯಾಪ್ತಿಯ ಒಳಗೆ 1 ಇದೆ, ಅಂದರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲದಿರಬಹುದು, ಹಾಗಾಗಿ "ಹಾನಿ ಸಾಬೀತಾಯಿತು" ಅಂತ ಬರೆಯುವಂತಿಲ್ಲ. ಆದರೆ ವ್ಯಾಪ್ತಿಯ ಹೆಚ್ಚಿನ ಭಾಗ 1ರ ಮೇಲೆಯೇ ಇದೆ, ಹಾಗಾಗಿ "ಹಾನಿ ಇಲ್ಲ" ಅಂತಲೂ ಬರೆಯುವಂತಿಲ್ಲ. ಲೇಖಕರು ಅಷ್ಟು ಅಳೆದು ಮಾತಾಡಿದ್ದು ಇದಕ್ಕೇ. ವೆಂಟಿಲೇಟರ್ ಗುಂಪಿನ ವ್ಯಾಪ್ತಿ 0.51ರಿಂದ 0.81, ಪೂರ್ತಿ 1ರ ಕೆಳಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕನ್‌ಕ್ಲೂಷನ್‌ನ ಕ್ರಿಯಾಪದಗಳು ಯಾಕೆ ಬೇರೆಬೇರೆ ಅಂತ ಗೊತ್ತಾಗುತ್ತದೆ.

ಒಳಗೆ ಹೋದಾಗ ಒಂದು ಪ್ರಲೋಭನೆ ಇರುತ್ತದೆ. ಒಂದು ಉತ್ತರ ಹುಡುಕುತ್ತಾ ಪಕ್ಕದ ಪ್ಯಾರಾ ಓದಿ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಅರ್ಧ ಗಂಟೆ ಕಳೆದಿರುತ್ತದೆ. ಹೊಸ ಪ್ರಶ್ನೆ ಹುಟ್ಟಿದರೆ ಹಾಳೆಯ ಹಿಂಬದಿಯಲ್ಲಿ ಬರೆದು ಮುಂದೆ ಹೋಗಿ. ಉದಾಹರಣೆಗೆ, ಯಾರಿಗೆ ಔಷಧ ಕೊಟ್ಟರು ಅನ್ನುವುದು ವೈದ್ಯರಿಗೂ ರೋಗಿಗೂ ಗೊತ್ತಿದ್ದ ಟ್ರಯಲ್ ಇದು. ಅದು ಫಲಿತಾಂಶವನ್ನು ಕೆಡಿಸಿರಬಹುದಾ? ಒಳ್ಳೆಯ ಪ್ರಶ್ನೆ. ಇಲ್ಲಿ ಅಳೆದದ್ದು ಸಾವು, ಅದನ್ನು ನೋಡುವವರ ಅಭಿಪ್ರಾಯ ಬದಲಿಸಲಾರದು, ಹಾಗಾಗಿ ಈಗ ತುರ್ತಿಲ್ಲ. ನೋವು ಎಷ್ಟಿದೆ, ಸುಸ್ತು ಎಷ್ಟಿದೆ ಅಂತ ಕೇಳಿ ಅಳೆದಿದ್ದರೆ ಇದೇ ಮೊದಲ ಪ್ರಶ್ನೆ ಆಗುತ್ತಿತ್ತು.

## ಹಂತ 7: ಎರಡು ವಾಕ್ಯ ಬರೆದು ತೀರ್ಮಾನಿಸಿ

ಹಾಳೆಯ ತಲೆಯಲ್ಲಿ ಎರಡು ವಾಕ್ಯ ಬರೆಯಿರಿ. ಒಂದರಲ್ಲಿ ಪೇಪರ್ ಹೇಳುವುದು, ಇನ್ನೊಂದರಲ್ಲಿ ಅದು ಹೇಳದಿರುವುದು. ನಮ್ಮದಕ್ಕೆ ಹೀಗೆ ಬರೆಯಬಹುದು: "ಆಸ್ಪತ್ರೆಯಲ್ಲಿ ಆಕ್ಸಿಜನ್ ಅಥವಾ ವೆಂಟಿಲೇಟರ್ ಬೇಕಾದ ಕೋವಿಡ್ ರೋಗಿಗಳಲ್ಲಿ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ 28 ದಿನದೊಳಗಿನ ಸಾವನ್ನು ಕಡಿಮೆ ಮಾಡಿತು. ನೆರವು ಬೇಕಾಗದವರಿಗೆ ಲಾಭ ತೋರಿಸಿಲ್ಲ, ಹಾನಿಯನ್ನು ತಳ್ಳಿಹಾಕಿಲ್ಲ, ಮನೆಯಲ್ಲಿದ್ದವರ ಬಗ್ಗೆ ಏನೂ ಹೇಳಿಲ್ಲ." ಎರಡನೇ ವಾಕ್ಯ ಬರೆಯಲು ಆಗದಿದ್ದರೆ ಹಂತ 5 ಸರಿಯಾಗಿ ಆಗಿಲ್ಲ, ಅಲ್ಲಿಗೇ ವಾಪಸ್ ಹೋಗಿ.

ಆಮೇಲೆ ಮೂರರಲ್ಲಿ ಒಂದು ಆರಿಸಿ: ಬಿಡುವುದು, ಹಾಳೆಯನ್ನು ಫೈಲಿಗೆ ಹಾಕಿಡುವುದು, ಅಥವಾ ಪೂರ್ತಿ ಓದುವುದು. ನಿಮ್ಮ ವಿಷಯಕ್ಕೆ ಸಂಬಂಧ ಇಲ್ಲದ್ದನ್ನು ಧೈರ್ಯವಾಗಿ ಬಿಡಿ. ಆದರೆ ಥೀಸಿಸ್‌ನಲ್ಲಿ ಒಂದು ಅಂಕಿಯನ್ನು ಉಲ್ಲೇಖಿಸುವುದಾದರೆ, ಆ ವಿಧಾನವನ್ನೇ ನೀವು ಮತ್ತೆ ಮಾಡುವುದಾದರೆ, ಅಥವಾ ರೋಗಿಯ ಚಿಕಿತ್ಸೆ ಅದರ ಮೇಲೆ ನಿಂತಿದ್ದರೆ, ಅರ್ಧ ಗಂಟೆಯ ಓದು ಸಾಲದು. ಮೆಥಡ್ಸ್‌ನಿಂದ ಪೂರಕ ಪುಟಗಳ ತನಕ ಓದಲೇಬೇಕು.

ಈ ವಿಧಾನ ನಡೆಯದ ಕಡೆಗಳೂ ಇವೆ. ಗಣಿತದ ಪೇಪರ್‌ಗಳಲ್ಲಿ ಎಷ್ಟೋ ಸಲ ಕನ್‌ಕ್ಲೂಷನ್ ಇರುವುದೇ ಇಲ್ಲ, ಮುಖ್ಯ ಪ್ರಮೇಯ ಇಂಟ್ರೊಡಕ್ಷನ್‌ನಲ್ಲೇ ಇರುತ್ತದೆ. ಅಲ್ಲಿ ಪ್ರಮೇಯದ ಹೇಳಿಕೆಯನ್ನು ಬಲ ಕಾಲಂಗೆ ಬರೆದು, ಅದರ ಷರತ್ತುಗಳನ್ನು ಅಬ್‌ಸ್ಟ್ರಾಕ್ಟ್ ಜೊತೆ ಹೋಲಿಸಿ. ರಿವ್ಯೂ ಲೇಖನಗಳಿಗೆ ಮೂರು ಕಾಲಂ ಹೊಂದುವುದಿಲ್ಲ, ಅವುಗಳ ಉಪಶೀರ್ಷಿಕೆಗಳ ಪಟ್ಟಿ ಮಾಡಿಕೊಂಡು ಬೇಕಾದ ಭಾಗಕ್ಕೆ ಹೋಗುವುದೇ ಒಳ್ಳೆಯದು.

ಫೈಲಿಗೆ ಹಾಕುವ ಮುಂಚೆ ಹಾಳೆಯ ಮೂಲೆಯಲ್ಲಿ ನೀವು ಓದಿದ್ದು ಯಾವ ಆವೃತ್ತಿ ಅಂತ ಬರೆಯಿರಿ. ರಿಕವರಿ ಪೇಪರ್ 2020ರಲ್ಲಿ ಪ್ರಾಥಮಿಕ ವರದಿಯಾಗಿ ಬಂದಿತ್ತು, ಅದಕ್ಕೂ ಮುಂಚೆ ಪ್ರಿಪ್ರಿಂಟ್, ಅಂದರೆ ಜರ್ನಲ್‌ನಲ್ಲಿ ಪ್ರಕಟವಾಗುವ ಮೊದಲೇ ಹಂಚಿದ ಪ್ರತಿ, ಇತ್ತು, ಇಂದಿಗೂ ಹುಡುಕಾಟದಲ್ಲಿ ಹಳೆಯದು ಸಿಗಬಹುದು. ಇಬ್ಬರು ಒಂದೇ ಪೇಪರ್ ಬಗ್ಗೆ ಎರಡು ಅಂಕಿ ಹೇಳಿ ವಾದ ಮಾಡುತ್ತಿದ್ದರೆ, ಮೊದಲು ಇಬ್ಬರ ಪಿಡಿಎಫ್‌ನ ತಾರೀಖು ನೋಡಿ.